ಬುಧವಾರ ಬೆಳಿಗ್ಗೆ ಆರೂ ಕಾಲಿಗೆ: ನಿವೃತ್ತರಾದ ಅಮ್ಮನನ್ನು ನಡಿಗೆಯ ಗುಂಪಿಗೆ ಕರೆಯುವ ಸಂದೇಶ ಬರೆಯುವುದು ಹೇಗೆ

ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿ ನನ್ನ ಅಮ್ಮ ಅರವತ್ತಕ್ಕೆ ನಿವೃತ್ತಳಾದಳು. ಮೈಸೂರಿನ ಕುವೆಂಪುನಗರದಲ್ಲಿ ಮನೆ, ಮನೆಯಲ್ಲಿ ಅವಳು ಮತ್ತು ಅಪ್ಪ. ನಾನಿರುವುದು ಬೆಂಗಳೂರಿನಲ್ಲಿ. ನಿವೃತ್ತಿಯಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ ಅವಳ ಓಡಾಟ ಅಡುಗೆಮನೆ, ದೇವರ ಕೋಣೆ, ಟಿ.ವಿ. ಮುಂದಿನ ಕುರ್ಚಿ, ಇಷ್ಟಕ್ಕೆ ಬಂದು ನಿಂತಿತ್ತು. ಮನೆಯಿಂದ ಆರುನೂರು ಮೀಟರ್ ದೂರದ ಪಾರ್ಕಿನಲ್ಲಿ ಹೆಂಗಸರ ಗುಂಪೊಂದು ದಿನವೂ ಬೆಳಿಗ್ಗೆ ನಡೆಯುತ್ತದೆ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಾನು ಮೊದಲು ಕಳುಹಿಸಿದ ಸಂದೇಶದಲ್ಲಿ ನಡಿಗೆಯಿಂದ ಹೃದಯಕ್ಕೆ, ಮೂಳೆಗೆ, ನಿದ್ದೆಗೆ ಏನೇನು ಒಳ್ಳೆಯದಾಗುತ್ತದೆ ಎಂದು ಹದಿನೈದು ಸಾಲು ಬರೆದಿದ್ದೆ. ಕೈಮುಗಿಯುವ ಚಿತ್ರವೊಂದು ಉತ್ತರವಾಗಿ ಬಂತು, ಅಲ್ಲಿಗೆ ಮುಗಿಯಿತು. ಎರಡನೆಯದನ್ನು ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದೆ. ಚಿಕ್ಕಮ್ಮ, ಅತ್ತೆ, ಸೋದರಮಾವ ಎಲ್ಲರೂ ಹೆಬ್ಬೆರಳು ಎತ್ತಿದರು, ಅಮ್ಮ ಮಾತ್ರ ಎರಡು ದಿನ ಫೋನಿನಲ್ಲಿ ಬಿಗುವಾಗಿ ಮಾತನಾಡಿದಳು. ಮೂರನೆಯ ಸಂದೇಶ ಫಲಿಸಿತು. ಅದರಲ್ಲಿ ಆರೋಗ್ಯ ಎಂಬ ಪದವೇ ಇರಲಿಲ್ಲ. ಅದನ್ನು ಬರೆಯುವ ಮೊದಲು ಏನೇನು ಮಾಡಿದೆ, ಆಮೇಲೆ ಏನೇನು ಎಡವಟ್ಟಾಯಿತು ಎಂಬುದನ್ನು ಅಮ್ಮನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಅಮ್ಮನಿಗೆ ಬರೆಯುವಾಗ ಊರು, ಹೊತ್ತು, ಮಾತ್ರೆಗಳು ಬೇರೆ ಇರಬಹುದು, ಆದರೆ ಕ್ರಮ ಇದೇ ಇರಲಿ.

ಮೊದಲ ಹೆಜ್ಜೆ: ಹೇಳದೆ ಉಳಿದ ಕಾರಣವನ್ನು ಹುಡುಕಿ

ಕೇಳಿದಾಗಲೆಲ್ಲ ಅಮ್ಮ ಬೇರೆ ಬೇರೆ ಕಾರಣ ಕೊಡುತ್ತಿದ್ದಳು. ಹಾಲಿನವನು ಬರುವ ಹೊತ್ತು, ಅಪ್ಪನ ಕಾಫಿ, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಬೇಕು, ಮಂಡಿ ನೋವು, ಅಲ್ಲಿ ಯಾರೂ ಪರಿಚಯವಿಲ್ಲ. ಇವು ಯಾವುವೂ ಸುಳ್ಳಲ್ಲ. ಆದರೆ ಒಂದನ್ನು ಪರಿಹರಿಸಿದ ಕೂಡಲೇ ಇನ್ನೊಂದು ಎದ್ದು ಬರುತ್ತಿದ್ದರೆ, ಅಸಲು ಕಾರಣ ಆ ಪಟ್ಟಿಯಲ್ಲಿ ಇಲ್ಲ ಎಂದೇ ತಿಳಿಯಬೇಕು.

ಅದನ್ನು ಫೋನಿನಲ್ಲಿ ಕೇಳಿ ತಿಳಿಯಲಾಗುವುದಿಲ್ಲ. ಸಂಕ್ರಾಂತಿಗೆ ಊರಿಗೆ ಹೋದಾಗ ನಾನು ಅವಳ ಜೊತೆ ಇಡೀ ದಿನ ಸುಮ್ಮನೆ ಇದ್ದೆ. ಮಧ್ಯಾಹ್ನ ದೇವರಾಜ ಮಾರುಕಟ್ಟೆಗೆ ಹೊರಟಾಗ ಅವಳು ಎರಡು ಸಲ ಬಚ್ಚಲಿಗೆ ಹೋಗಿಬಂದಳು. ಮಾರುಕಟ್ಟೆಯಲ್ಲಿ ಒಂದು ಗುಟುಕು ನೀರು ಕುಡಿಯಲಿಲ್ಲ. ಜೋರಾಗಿ ಕೆಮ್ಮು ಬಂದಾಗ ಕಾಲುಗಳನ್ನು ಹತ್ತಿರ ತಂದು ನಿಂತಳು. ಆಗ ನನಗೆ ಹೊಳೆಯಿತು. ರಾತ್ರಿ ಪಾತ್ರೆ ಒರೆಸುತ್ತಾ, ಅವಳ ಮುಖ ನೋಡದೆ, ‘ಕೆಮ್ಮಿದಾಗ ನನಗೂ ಹೆರಿಗೆಯಾದ ಮೇಲೆ ಕೆಲವು ತಿಂಗಳು ಹಾಗೇ ಆಗುತ್ತಿತ್ತಮ್ಮ’ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಅವಳು ಹೇಳಿದಳು: ‘ಪಾರ್ಕಿನ ಶೌಚಾಲಯಕ್ಕೆ ಏಳು ಗಂಟೆಯವರೆಗೆ ಬೀಗ ಹಾಕಿರುತ್ತಾರೆ. ಮಧ್ಯೆ ಅವಸರವಾದರೆ ಎಲ್ಲಿಗೆ ಹೋಗಲಿ?’

ಎರಡು ವರ್ಷದ ಎಲ್ಲ ನೆಪಗಳ ಹಿಂದೆ ಇದ್ದದ್ದು ಇಷ್ಟೇ. ಕೆಮ್ಮಿದಾಗ, ಸೀನಿದಾಗ, ಬಿರುಸಾಗಿ ನಡೆದಾಗ ಮೂತ್ರ ಜಿನುಗುವುದು ಹೆರಿಗೆಯಾದ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ತೀರ ಸಾಮಾನ್ಯ. ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸರಿಯಾದ ಶೌಚಾಲಯವಿಲ್ಲದ ಶಾಲೆಗಳಲ್ಲಿ ದುಡಿದ ಶಿಕ್ಷಕಿಯರಂತೂ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರನ್ನೇ ಕುಡಿಯದೆ ದಿನ ಕಳೆಯುವುದನ್ನು ರೂಢಿ ಮಾಡಿಕೊಂಡವರು. ಅಮ್ಮ ಆ ಉಪಾಯವನ್ನೇ ನಿವೃತ್ತಿಯ ನಂತರವೂ ಮುಂದುವರಿಸಿದ್ದಳು. ಅದು ತಪ್ಪು ಉಪಾಯ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಅವಸರ ಇನ್ನೂ ಹೆಚ್ಚುತ್ತದೆ.

ನಿಮ್ಮ ಅಮ್ಮನ ಕಾರಣ ಬೇರೆ ಇರಬಹುದು. ನನ್ನ ಗೆಳತಿಯೊಬ್ಬಳ ತಾಯಿಗೆ ಬೀದಿನಾಯಿಗಳ ಭಯ. ಇನ್ನೊಬ್ಬಳ ತಾಯಿ ಗಂಡ ತೀರಿಕೊಂಡ ಮೇಲೆ, ಬೆಳಗಾಗುತ್ತಲೇ ಹೊರಗೆ ಹೊರಟರೆ ನೆರೆಯವರು ಏನೆಂದುಕೊಳ್ಳುತ್ತಾರೋ ಎಂದು ಹಿಂಜರಿಯುತ್ತಿದ್ದರು. ಕಾರಣ ತಿಳಿಯುವ ಮೊದಲು ಸಂದೇಶ ಬರೆಯಲು ಕೂರಬೇಡಿ, ಏಕೆಂದರೆ ಆ ಸಂದೇಶ ಮಾಡಬೇಕಾದ ಮುಖ್ಯ ಕೆಲಸವೇ ಆ ಒಂದು ತಡೆಯನ್ನು, ಅದರ ಹೆಸರು ಎತ್ತದೆ, ದಾರಿಯಿಂದ ತೆಗೆದಿಡುವುದು.

ಎರಡನೆಯದು: ಗುಂಪನ್ನು ನೀವೇ ನೋಡಿ ಬನ್ನಿ

ಮರುದಿನ ಬೆಳಿಗ್ಗೆ ಆರಕ್ಕೆ ನಾನೊಬ್ಬಳೇ ಪಾರ್ಕಿಗೆ ಹೋದೆ. ಜನವರಿಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ, ಆದ್ದರಿಂದ ಆ ಹೊತ್ತಿಗೆ ಕತ್ತಲೆ. ಗುಂಪಿನಲ್ಲಿ ಹನ್ನೊಂದು ಮಂದಿ ಇದ್ದರು. ಹಾಲಿನ ಬೂತಿನ ಎದುರು ಮನೆಯ ಆಂಟಿ ಅವರೆಲ್ಲರಿಗೂ ಹಿರಿಯರು, ಎಪ್ಪತ್ತು ದಾಟಿದವರು. ಅವರ ಜೊತೆ ಒಂದು ಸುತ್ತು ಹಾಕಿದೆ.

ಗುಂಪು ಎಂದು ಕರೆದರೂ ಅದರೊಳಗೆ ಎರಡು ವೇಗಗಳಿರುತ್ತವೆ. ಮುಂದಿನ ನಾಲ್ವರು ಕೈಬೀಸಿ ನಡೆಯುತ್ತಾರೆ. ಹಿಂದಿನವರು ಮಾತನಾಡುತ್ತಾ, ಸಂಪಿಗೆ ಮರದ ಕೆಳಗೆ ನಿಂತು ಹೂವು ಆರಿಸುತ್ತಾ ಬರುತ್ತಾರೆ. ನಿಮ್ಮ ಅಮ್ಮ ಯಾರ ಪಕ್ಕದಲ್ಲಿ ನಡೆಯಬೇಕು ಎಂಬುದನ್ನು ನೀವು ಮೊದಲೇ ಗೊತ್ತು ಮಾಡಿಕೊಳ್ಳಬೇಕು, ಏಕೆಂದರೆ ಮೊದಲ ದಿನ ಮುಂದಿನವರ ಜೊತೆ ಸೇರಿ ಏದುಸಿರು ಬಿಟ್ಟವರು ಎರಡನೇ ದಿನ ಬರುವುದು ಅಪರೂಪ. ಕೂರಲು ಬೆಂಚು ಎಲ್ಲಿದೆ, ಹಾದಿ ಮಣ್ಣಿನದೋ, ಎದ್ದುಬಿದ್ದ ಇಂಟರ್‌ಲಾಕ್ ಇಟ್ಟಿಗೆಯದೋ, ನಾಯಿಗಳು ಯಾವ ಮೂಲೆಯಲ್ಲಿ ಮಲಗುತ್ತವೆ ಎಂಬುದನ್ನೂ ನೋಡಿಕೊಳ್ಳಿ. ಈ ಪಾರ್ಕಿನ ಒಂದು ಸುತ್ತು ಸುಮಾರು ನಾನೂರು ಮೀಟರ್, ಹಾದಿ ಮಣ್ಣಿನದು. ಮಂಡಿಗೆ ಅಷ್ಟೇ ಸಾಕು. ಕುಕ್ಕರಹಳ್ಳಿ ಕೆರೆಯ ಏರಿ ಇದಕ್ಕಿಂತ ಎಷ್ಟೋ ಚೆಂದ, ನನಗೆ ಅಚ್ಚುಮೆಚ್ಚಿನ ಜಾಗ, ಆದರೆ ಮೊದಲ ತಿಂಗಳಿಗೆ ಅದು ಬೇಡ. ಕೆರೆಯ ಸುತ್ತು ಹಿಡಿದರೆ ಅರ್ಧದಲ್ಲಿ ದಣಿದವರಿಗೆ ಅಡ್ಡದಾರಿ ಇಲ್ಲ, ಪಾರ್ಕಿನಲ್ಲಾದರೆ ಯಾವ ಕ್ಷಣದಲ್ಲಾದರೂ ಗೇಟು ಹತ್ತಿರವಿರುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮಾತನ್ನು ಮಂಡಿ ನೋವಿನವರ ಮುಂದೆ ಎತ್ತಲೇಬೇಡಿ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿಗೆ ತ್ರಾಸ ಜಾಸ್ತಿ.

ಆಂಟಿಗೆ ನಾನು ಶೌಚಾಲಯದ ಮಾತನ್ನು ಮೆಲ್ಲಗೆ ಕೇಳಿದೆ. ಅವರು ಒಂದಿಷ್ಟೂ ಅಚ್ಚರಿಪಡಲಿಲ್ಲ. ‘ನಮ್ಮ ಮನೆ ಪಾರ್ಕಿನ ಗೇಟಿನಿಂದ ಮೂರನೆಯದು. ಕೆಳಗಿನ ಬಚ್ಚಲಿಗೆ ಹೊರಗಿನಿಂದಲೇ ಬಾಗಿಲಿದೆ. ಬೆಳಿಗ್ಗೆ ಚಿಲಕ ತೆಗೆದೇ ಬರುತ್ತೇನೆ. ನಮ್ಮಲ್ಲಿ ನಾಲ್ಕೈದು ಮಂದಿ ಅಲ್ಲಿಗೇ ಹೋಗುವುದು’ ಎಂದರು. ಆ ಮಾತು ಕೇಳಿದಾಗ ನನಗೆ ಗಂಟಲು ತುಂಬಿ ಬಂತು. ಎರಡು ವರ್ಷದಿಂದ ಅಮ್ಮನನ್ನು ಕಟ್ಟಿಹಾಕಿದ್ದ ಸಂಗತಿಗೆ ಆ ಹೆಂಗಸರು ಯಾವತ್ತೋ ದಾರಿ ಮಾಡಿಕೊಂಡಿದ್ದರು.

ಮೂರನೆಯದು: ಮಾತ್ರೆ, ಕಾಫಿ, ಹೊತ್ತು

ಅರವತ್ತು ದಾಟಿದವರ ಬೆಳಗಿಗೆ ಮಾತ್ರೆಗಳದ್ದೇ ಒಂದು ವೇಳಾಪಟ್ಟಿ ಇರುತ್ತದೆ. ನಡಿಗೆ ಅದರ ಜೊತೆ ಹೊಂದಿಕೊಳ್ಳದಿದ್ದರೆ ನಾಲ್ಕು ದಿನಕ್ಕೆ ನಿಂತುಹೋಗುತ್ತದೆ.

ಅಮ್ಮನಿಗೆ ಥೈರಾಯ್ಡ್ ಮಾತ್ರೆ ಇದೆ. ಅದನ್ನು ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಫಿಯನ್ನೂ ತಿಂಡಿಯನ್ನೂ ಮುಟ್ಟಬಾರದು, ಏಕೆಂದರೆ ಕಾಫಿ ಜೊತೆಗೆ ಸೇರಿದರೆ ಔಷಧಿ ದೇಹಕ್ಕೆ ಪೂರ್ತಿ ಹತ್ತುವುದಿಲ್ಲ. ಆ ಕಾಯುವ ಹೊತ್ತು ಅಮ್ಮನಿಗೆ ದೊಡ್ಡ ಶಿಕ್ಷೆ. ಡಿಕಾಕ್ಷನ್ ಇಳಿಯುವ ವಾಸನೆ ಬರುತ್ತಿರುತ್ತದೆ, ಕುಡಿಯುವಂತಿಲ್ಲ. ಎಷ್ಟೋ ದಿನ ಹತ್ತು ನಿಮಿಷಕ್ಕೇ ಕುಡಿದುಬಿಡುತ್ತಿದ್ದಳು. ನಡಿಗೆ ಈ ಖಾಲಿ ಹೊತ್ತಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ: ಐದೂಮುಕ್ಕಾಲಿಗೆ ಮಾತ್ರೆ, ಆರೂ ಕಾಲಿಗೆ ಗೇಟು, ಏಳಕ್ಕೆ ಮನೆ, ಕೂಡಲೇ ಬಿಸಿ ಕಾಫಿ. ಕಾಫಿಯನ್ನು ನಡಿಗೆಯ ನಂತರಕ್ಕೆ ತಳ್ಳಿದ್ದರಿಂದ ಇನ್ನೊಂದು ಲಾಭವೂ ಆಯಿತು. ಕಾಫಿ ಮೂತ್ರದ ಅವಸರವನ್ನು ಹೆಚ್ಚಿಸುತ್ತದೆ.

ಇನ್ನೊಂದು ರಕ್ತದೊತ್ತಡದ ಮಾತ್ರೆ. ಅಮ್ಮನ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿತ್ತು. ಇದು ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ. ಅವಳು ಅದನ್ನು ಎದ್ದ ಕೂಡಲೇ ನುಂಗುತ್ತಿದ್ದಳು, ಮುಂದಿನ ಎರಡು ಮೂರು ಗಂಟೆ ಮತ್ತೆ ಮತ್ತೆ ಬಚ್ಚಲು. ತಿಂಡಿಯ ನಂತರ ತೆಗೆದುಕೊಳ್ಳಬಹುದೇ ಎಂದು ಅವಳ ವೈದ್ಯರನ್ನು ಕೇಳಿದೆವು, ಅವರು ಒಪ್ಪಿದರು. ನಿಮ್ಮ ಅಮ್ಮನ ಮಾತ್ರೆಯ ಹಾಳೆಯನ್ನೇ ವೈದ್ಯರಿಗೆ ತೋರಿಸಿ ಕೇಳಿ, ನೀವಾಗಿಯೇ ಹೊತ್ತು ಬದಲಿಸಬೇಡಿ. ಹಾಸಿಗೆಯಿಂದ ಎದ್ದಾಗ ತಲೆ ಸುತ್ತುವವರು ಒಂದೆರಡು ನಿಮಿಷ ಅಂಚಿನಲ್ಲಿ ಕುಳಿತು ಆಮೇಲೆ ಏಳಬೇಕು. ಆ ತಲೆಸುತ್ತು ದಿನವೂ ಇದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಸಕ್ಕರೆ ಕಾಯಿಲೆ ಇರುವವರ ಮಾತು ಬೇರೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಬರಿಹೊಟ್ಟೆಯಲ್ಲಿ ನಡೆದರೆ ಸಕ್ಕರೆ ಅತಿಯಾಗಿ ಇಳಿಯುವ ಭಯವಿದೆ. ಬೆವರು, ಕೈ ನಡುಕ, ಇದ್ದಕ್ಕಿದ್ದಂತೆ ವಿಪರೀತ ಹಸಿವು, ಮಾತು ತಡವರಿಸುವುದು, ಇವು ಅದರ ಗುರುತುಗಳು. ಅಂಥವರ ಬಳಿ ಗ್ಲೂಕೋಸ್ ಪುಡಿ ಅಥವಾ ಮೂರು ಚಮಚ ಸಕ್ಕರೆಯ ಪೊಟ್ಟಣ ಇರಲೇಬೇಕು, ಅದು ಇರುವ ಜಾಗ ಜೊತೆಯವರಿಗೂ ಗೊತ್ತಿರಬೇಕು. ಹೊರಡುವ ಮೊದಲು ಎಷ್ಟು ತಿನ್ನಬೇಕು ಎಂದು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಬೂಟಿನ ವಿಷಯದಲ್ಲಿ ನಾನು ಎಡವಿದೆ. ಬೆಂಗಳೂರಿನಿಂದ ಅಂದಾಜಿನ ಅಳತೆಗೆ ಕೊಂಡು ಕಳುಹಿಸಿದ್ದು ಮುಂಭಾಗದಲ್ಲಿ ಬಿಗಿಯಾಗಿ, ಮೂರನೇ ದಿನ ಹೆಬ್ಬೆರಳಿನ ಪಕ್ಕ ಬೊಬ್ಬೆ ಎದ್ದಿತು. ಅಮ್ಮನನ್ನೇ ಅಂಗಡಿಗೆ ಕರೆದೊಯ್ಯಿರಿ, ಅದೂ ಸಂಜೆ, ಏಕೆಂದರೆ ದಿನವಿಡೀ ನಿಂತು ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಕಾಲುಚೀಲ ಹಾಕಿಕೊಂಡೇ ಅಳತೆ ನೋಡಬೇಕು, ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು. ಸೀರೆಯಲ್ಲೇ ನಡೆಯುವವರು ನೆರಿಗೆಯನ್ನು ನಾಲ್ಕು ಬೆರಳು ಮೇಲಕ್ಕೆ ಉಡಬೇಕು, ಬೂಟಿನ ಮೇಲೆ ಸೀರೆಯ ಅಂಚು ಬಿದ್ದರೆ ಎಡವುವುದು ಖಂಡಿತ.

ನಾಲ್ಕನೆಯದು: ಈಗ ಸಂದೇಶ

ಇಷ್ಟಾದ ಮೇಲೆ ಫೆಬ್ರುವರಿಯ ಒಂದು ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಅಮ್ಮನೊಬ್ಬಳಿಗೇ ಬರೆದೆ. ಊಟದ ನಂತರದ ನಿದ್ದೆಯಿಂದ ಎದ್ದು ಅವಳು ಫೋನ್ ನೋಡುವ ಹೊತ್ತು ಅದು. ರಾತ್ರಿ ಕಳುಹಿಸಿದರೆ ಬೇಡ ಎನ್ನುವುದಕ್ಕೆ ಇಡೀ ರಾತ್ರಿ ಸಿಗುತ್ತದೆ. ಸಂದೇಶ ಹೀಗಿತ್ತು:

‘ಅಮ್ಮ, ನಾಡಿದ್ದು ಬುಧವಾರ ಬೆಳಿಗ್ಗೆ ಆರೂ ಕಾಲಿಗೆ ಹಾಲಿನ ಬೂತಿನ ಎದುರು ಮನೆಯ ಆಂಟಿ ನಮ್ಮ ಗೇಟಿನ ಹತ್ತಿರ ಬರುತ್ತಾರೆ. ಕಾಲಿಂಗ್ ಬೆಲ್ ಒತ್ತುವುದಿಲ್ಲ, ಅಪ್ಪನ ನಿದ್ದೆ ಕೆಡುವುದಿಲ್ಲ. ಇಬ್ಬರೂ ನಿಧಾನವಾಗಿ ಪಾರ್ಕಿಗೆ ಹೋಗಿ ಒಂದೇ ಒಂದು ಸುತ್ತು ಹಾಕಿ, ಸಂಪಿಗೆ ಮರದ ಕೆಳಗಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಉಳಿದವರು ಇನ್ನೂ ಎರಡು ಸುತ್ತು ಹಾಕುತ್ತಾರೆ, ನೀನು ಹಾಕಬೇಕಾಗಿಲ್ಲ. ಆಂಟಿಯ ಮನೆ ಪಾರ್ಕಿನ ಗೇಟಿನಿಂದ ಮೂರನೆಯದು. ಕೆಳಗಿನ ಬಾಗಿಲು ತೆಗೆದೇ ಇರುತ್ತದಂತೆ, ಎಲ್ಲರೂ ನಡುವೆ ಹೋಗಿಬರುತ್ತಾರಂತೆ. ಥೈರಾಯ್ಡ್ ಮಾತ್ರೆ ಐದೂಮುಕ್ಕಾಲಿಗೆ ನುಂಗಿಬಿಡು, ಏಳಕ್ಕೆ ವಾಪಸು ಬಂದ ತಕ್ಷಣ ಕಾಫಿ ಕುಡಿಯಬಹುದು. ಹಾಲು ಕಾಯಿಸಿ ಇಡುವುದಾಗಿ ಅಪ್ಪ ಒಪ್ಪಿದ್ದಾರೆ. ಒಂದು ದಿನ ಹೋಗಿ ಬಾ. ಹಿಡಿಸದಿದ್ದರೆ ನಾನು ಮತ್ತೆ ಈ ಮಾತು ಎತ್ತುವುದಿಲ್ಲ. ಗುಂಪಿನಲ್ಲಿ ಒಬ್ಬರು ನಿನ್ನ ಹಳೆಯ ವಿದ್ಯಾರ್ಥಿನಿಯ ತಾಯಿಯಂತೆ, ಯಾರೆಂದು ಸಂಜೆ ನೀನೇ ಹೇಳಬೇಕು.’

ಇದರಲ್ಲಿ ಗಮನಿಸಬೇಕಾದದ್ದು ಕೆಲವೇ ಸಂಗತಿಗಳು. ‘ವಾಕಿಂಗ್ ಶುರು ಮಾಡು’ ಎಂದರೆ ಅದು ಉಳಿದ ಆಯುಷ್ಯಕ್ಕೆಲ್ಲ ಒಪ್ಪಿಕೊಳ್ಳಬೇಕಾದ ಹೊರೆಯಂತೆ ಕೇಳಿಸುತ್ತದೆ. ಒಂದು ದಿನ, ಒಂದು ಗಂಟೆ, ಜೊತೆಗೆ ಒಬ್ಬರು ಎಂದರೆ ಹೂಂ ಎನ್ನುವುದು ಸುಲಭ. ಹೋಗುವ ಹೊತ್ತಿನಷ್ಟೇ ಮರಳುವ ಹೊತ್ತನ್ನೂ ಬರೆಯಬೇಕು. ಮನೆ ನಡೆಸುವ ಹೆಂಗಸಿಗೆ ಎಷ್ಟು ಹೊತ್ತಿಗೆ ಅಡುಗೆಮನೆಗೆ ಮರಳುತ್ತೇನೆ ಎಂಬುದೇ ಮೊದಲ ಪ್ರಶ್ನೆ. ಬಚ್ಚಲಿನ ಸಾಲು ಎಲ್ಲರ ವಿಷಯವಾಗಿ ಬಂದಿದೆ, ಅವಳೊಬ್ಬಳ ಕೊರತೆಯಾಗಿ ಅಲ್ಲ. ಅಪ್ಪನ ಒಪ್ಪಿಗೆ ಬರಿಯ ಮಾತಾಗಿರಲಿಲ್ಲ, ಅದಕ್ಕೆ ಮುಂಚೆ ಭಾನುವಾರ ಅವರಿಗೆ ಫೋನ್ ಮಾಡಿ, ಪಾತ್ರೆ ಎಲ್ಲಿದೆ, ಹಾಲು ಯಾವ ಉರಿಯಲ್ಲಿ ಎಂಬುದನ್ನೆಲ್ಲ ಮಾತನಾಡಿಯೇ ಬರೆದದ್ದು. ನಡೆಯದ ಭರವಸೆಯನ್ನು ಸಂದೇಶದಲ್ಲಿ ಬರೆದರೆ ಬುಧವಾರ ಬೆಳಿಗ್ಗೆಯೇ ಬಣ್ಣ ಬಯಲಾಗುತ್ತದೆ.

ಕೊನೆಯ ಸಾಲನ್ನು ಬರೆಯಲು ನಾನು ಹೆಚ್ಚು ಹೊತ್ತು ತೆಗೆದುಕೊಂಡೆ. ಸಂಜೆ ಫೋನ್ ಮಾಡಿ ‘ಹೋಗಿದ್ದೆಯಾ’ ಎಂದು ಕೇಳಿದರೆ ಅದು ಹಾಜರಿ ಕರೆದಂತೆ. ಜೀವಮಾನವೆಲ್ಲ ಹಾಜರಿ ಕರೆದವಳಿಗೆ ಅದು ಹಿಡಿಸುವುದಿಲ್ಲ. ಹೇಳಲು ಒಂದು ಸುದ್ದಿ ಇದ್ದರೆ ಅವಳೇ ಫೋನ್ ಮಾಡುತ್ತಾಳೆ. ಆ ವಿದ್ಯಾರ್ಥಿನಿಯ ಸಂಗತಿ ನಿಜವೇ, ಆಂಟಿ ಹೇಳಿದ್ದು. ಹೆಸರನ್ನು ನಾನು ಬೇಕೆಂದೇ ಕೇಳಿಟ್ಟುಕೊಳ್ಳಲಿಲ್ಲ. ಮಂಗಳವಾರ ಬೆಳಿಗ್ಗೆ ಅಮ್ಮನ ಉತ್ತರ ಬಂತು: ‘ಚಪ್ಪಲಿ ಸಾಕೋ, ಬೂಟು ಬೇಕೋ?’

ನಿಮ್ಮ ಅಮ್ಮ ಓದುವುದಕ್ಕಿಂತ ಕೇಳುವುದನ್ನೇ ಇಷ್ಟಪಡುವವರಾದರೆ ಇದನ್ನೇ ಧ್ವನಿ ಸಂದೇಶವಾಗಿ ಕಳುಹಿಸಿ, ಒಂದು ನಿಮಿಷ ಮೀರದಿರಲಿ. ಹೊತ್ತು ಮತ್ತು ಜಾಗವನ್ನು ಮಾತ್ರ ಬರೆದೂ ಕಳುಹಿಸಿ.

ಐದನೆಯದು: ಮೊದಲ ತಿಂಗಳು

ಬುಧವಾರ ಅಮ್ಮ ನಡೆದದ್ದು ಹೋಗಲು ಆರುನೂರು, ಸುತ್ತಿಗೆ ನಾನೂರು, ಬರಲು ಆರುನೂರು, ಒಟ್ಟು ಸಾವಿರದ ಆರುನೂರು ಮೀಟರ್. ಬೆಂಚಿನ ಮಾತುಕತೆ ಬಿಟ್ಟರೆ ಸುಮಾರು ಇಪ್ಪತ್ತೆಂಟು ನಿಮಿಷ. ಎರಡು ವಾರ ಇಷ್ಟೇ ಇರಲಿ ಎಂದು ಆಂಟಿಗೂ ಹೇಳಿಟ್ಟಿದ್ದೆ. ವೇಗ ಸರಿಯಿದೆಯೇ ಎಂದು ನೋಡಲು ಗಡಿಯಾರ ಬೇಡ: ನಡೆಯುತ್ತಾ ಪೂರ್ತಿ ವಾಕ್ಯ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಗುಂಪಿನಲ್ಲಿ ನಡೆಯುವುದರ ದೊಡ್ಡ ಅನುಕೂಲವೇ ಇದು, ಮಾತು ತಾನಾಗಿ ವೇಗವನ್ನು ಹಿಡಿದಿಡುತ್ತದೆ. ಪಕ್ಕದವರ ಮಾತಿಗೆ ಅಮ್ಮ ‘ಹೂಂ, ಹೂಂ’ ಎಂದಷ್ಟೇ ಉತ್ತರಿಸತೊಡಗಿದರೆ ವೇಗ ಹೆಚ್ಚಾಗಿದೆ ಎಂದರ್ಥ.

ಆದರೂ ಎರಡನೇ ವಾರ ಆಂಟಿ ಊರಲ್ಲಿಲ್ಲದ ದಿನ ಅಮ್ಮ ಮುಂದಿನ ನಾಲ್ವರ ಜೊತೆ ಮೂರು ಸುತ್ತು ಹಾಕಿಬಿಟ್ಟಳು. ಅವತ್ತು ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಬಲ ಮಂಡಿ ಮಡಿಸಲು ಆಗದಷ್ಟು ಬಿಗಿದುಕೊಂಡಿತ್ತು. ಸವೆದ ಮಂಡಿಗೆ ನಡಿಗೆ ಒಳ್ಳೆಯದೇ, ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಭಾರ ಹಗುರವಾಗುತ್ತದೆ. ಆದರೆ ಅಳತೆ ಮೀರಿತೇ ಎಂಬುದನ್ನು ಮಂಡಿ ಮರುದಿನ ಹೇಳುತ್ತದೆ. ನಡೆಯುವಾಗ ಸ್ವಲ್ಪ ನೋವಿದ್ದು ಮರುದಿನ ಏಳುವ ಹೊತ್ತಿಗೆ ಎಂದಿನಂತಾದರೆ ಮುಂದುವರಿಸಬಹುದು. ಮರುದಿನವೂ ನೋವು ಹಿಂದಿಗಿಂತ ಹೆಚ್ಚಿದ್ದರೆ ಹಿಂದಿನ ದಿನ ನಡೆದದ್ದು ಜಾಸ್ತಿಯಾಯಿತು. ಅಂಥ ಹೊತ್ತಿನಲ್ಲಿ ಪೂರ್ತಿ ನಿಲ್ಲಿಸುವುದಲ್ಲ, ಒಂದು ಸುತ್ತಿಗೆ ಇಳಿಯುವುದು. ಮಂಡಿ ಊದಿ ಬಿಸಿಯಾಗಿದ್ದರೆ, ಕಾಲೂರಲು ಆಗದಿದ್ದರೆ ವೈದ್ಯರಿಗೆ ತೋರಿಸಬೇಕು. ಅಮ್ಮ ಎರಡು ದಿನ ಪಾರ್ಕಿನವರೆಗೆ ಹೋಗಿ ಬೆಂಚಿನಲ್ಲಿ ಕುಳಿತು ಬಂದಳು. ಹೀಗೆ ಕುಳಿತು ಬರುವ ದಿನಗಳೂ ಲೆಕ್ಕಕ್ಕೆ ಸೇರುತ್ತವೆ, ಏಕೆಂದರೆ ಆರೂ ಕಾಲಿಗೆ ಗೇಟು ತೆರೆಯುವ ಅಭ್ಯಾಸ ತಪ್ಪುವುದಿಲ್ಲ.

ಮೂರನೇ ವಾರ ಎರಡು ಸುತ್ತು, ಐದನೇ ವಾರ ಮೂರು. ಆ ಹೊತ್ತಿಗೆ ದಿನಕ್ಕೆ ಸುಮಾರು ಮೂವತ್ತಾರು ನಿಮಿಷ, ವಾರಕ್ಕೆ ಐದು ದಿನ, ಒಟ್ಟು ಮೂರು ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ. ಅಷ್ಟು ಸಾಕು. ಅದಕ್ಕಿಂತ ಮುಂದೆ ಹೋಗುವುದು ಅಮ್ಮನ ಇಷ್ಟ.

ಜಿನುಗುವುದಕ್ಕೂ ಮದ್ದಿದೆ. ಮೂತ್ರವನ್ನೂ ಗಾಳಿಯನ್ನೂ ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುಗಳನ್ನು ಐದು ಎಣಿಸುವವರೆಗೆ ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಹೊಟ್ಟೆ ತೊಡೆ ಬಿಗಿಯಬಾರದು, ಮೂತ್ರ ಮಾಡುವಾಗ ಇದನ್ನು ಮಾಡಬಾರದು. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಅಮ್ಮ ಅದನ್ನು ಬೆಂಚಿನ ಮೇಲೆಯೇ ಮಾಡುತ್ತಾಳೆ, ಯಾರಿಗೂ ತಿಳಿಯುವುದಿಲ್ಲ. ಮೂತ್ರದಲ್ಲಿ ಉರಿ ಅಥವಾ ರಕ್ತ ಕಂಡರೆ ಮಾತ್ರ ವ್ಯಾಯಾಮ ನಂಬಿ ಕೂರದೆ ಸ್ತ್ರೀರೋಗ ತಜ್ಞರ ಬಳಿಗೆ ಹೋಗಬೇಕು.

ಬೀದಿಯ ವಿಷಯದಲ್ಲಿ ಎರಡೇ ಮಾತು. ದಪ್ಪನೆಯ ಮಾಂಗಲ್ಯದ ಸರವನ್ನು ಮನೆಯಲ್ಲಿಟ್ಟು ಕರಿಮಣಿಯ ಸಣ್ಣ ಸರ ಹಾಕಿಕೊಂಡು ಹೊರಡುವಂತೆ ಅಮ್ಮನನ್ನು ಒಪ್ಪಿಸಲು ನನಗೆ ಒಂದು ವಾರ ಬೇಕಾಯಿತು. ಕೊನೆಗೆ ಒಪ್ಪಿಸಿದವರು ಆಂಟಿ, ಅವರು ತಾವೇ ಹಾಗೆ ಬರುತ್ತಿದ್ದರು. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಣ್ಣಿಗೆ ಬೀಳುವಂತೆ, ಒಬ್ಬರ ಹಿಂದೊಬ್ಬರು ನಡೆಯಬೇಕು.

ಎದೆಯಲ್ಲಿ ಹಿಡಿದಂತಾಗುವುದು, ನೋವು ತೋಳಿಗೋ ದವಡೆಗೋ ಹರಡುವುದು, ಎಂದೂ ಇಲ್ಲದ ಏದುಸಿರು, ತಣ್ಣನೆಯ ಬೆವರು ಬಂದರೆ ಸುತ್ತು ಮುಗಿಸೋಣ ಎನ್ನಬಾರದು. ಅಲ್ಲೇ ಕುಳಿತು 108ಕ್ಕೆ ಕರೆ ಮಾಡಿಸಬೇಕು. ಅಮ್ಮನ ಮೊಬೈಲಿನ ಕವಚದೊಳಗೆ ಅವಳ ಮಾತ್ರೆಗಳ ಹೆಸರು ಮತ್ತು ಅಪ್ಪನ ನಂಬರು ಬರೆದ ಚೀಟಿ ಇಟ್ಟಿದ್ದೇನೆ. ಅದರ ನಕಲು ಆಂಟಿಯ ಬಳಿಯೂ ಇದೆ.

ನಡುವೆ ತಪ್ಪಿಹೋದಾಗ

ಏಪ್ರಿಲಿನಲ್ಲಿ ಸೋದರಮಾವನ ಮಗಳ ಮದುವೆಗೆಂದು ಅಮ್ಮ ಹದಿನೆಂಟು ದಿನ ಶಿವಮೊಗ್ಗದಲ್ಲಿದ್ದಳು. ಬಂದ ಮೇಲೆ ಒಂದು ವಾರವಾದರೂ ಪಾರ್ಕಿನ ಕಡೆ ಹೋಗಲಿಲ್ಲ. ಇಲ್ಲೇ ಬಹಳ ಮಂದಿ ಸೋಲುತ್ತಾರೆ. ‘ಯಾಕಮ್ಮ ನಿಲ್ಲಿಸಿಬಿಟ್ಟೆ’ ಎಂದು ನಾನು ಕೇಳಲಿಲ್ಲ. ತಪ್ಪಿಸಿಕೊಂಡವರಿಗೆ ಮರಳಿ ಹೋಗುವಾಗ ನಾಚಿಕೆಯಾಗುತ್ತದೆ, ಇಷ್ಟು ದಿನ ಎಲ್ಲಿಗೆ ಹೋಗಿದ್ದಿರಿ ಎಂದು ಹತ್ತು ಮಂದಿಗೆ ಹೇಳಬೇಕಲ್ಲ ಎಂಬ ಸಂಕೋಚ. ಆ ಸಂಕೋಚ ಕಳೆಯಲು ಕೈಯಲ್ಲಿ ಏನಾದರೂ ಹಿಡಿದು ಹೋಗುವಂತಿರಬೇಕು. ಹೀಗೆ ಬರೆದೆ:

‘ಅಮ್ಮ, ಮದುವೆಯ ಚಿರೋಟಿ ಇನ್ನೂ ಡಬ್ಬಿಯಲ್ಲಿದೆ ಎಂದೆಯಲ್ಲ. ನಾಳೆ ಹನ್ನೆರಡು ತುಂಬಿಕೊಂಡು ಪಾರ್ಕಿಗೆ ಒಯ್ಯಿ. ನಡೆಯದಿದ್ದರೂ ಪರವಾಗಿಲ್ಲ, ಬೆಂಚಿನಲ್ಲಿ ಕೂತು ಹಂಚಿ ಬಾ. ಮದುವೆ ಹೇಗಾಯಿತು ಎಂದು ಆಂಟಿ ನನ್ನನ್ನು ಎರಡು ಸಲ ಕೇಳಿದರು.’

ಹೋದಳು. ಇಷ್ಟು ದಿನದ ಬಿಡುವಿನ ನಂತರ ಮೊದಲ ವಾರ ಒಂದೇ ಸುತ್ತಿನಿಂದ ಶುರು ಮಾಡಬೇಕು, ಹಿಂದೆ ಮೂರು ಹಾಕುತ್ತಿದ್ದೆ ಎಂದು ಅಲ್ಲಿಂದಲೇ ಹಿಡಿಯಬಾರದು. ಅಮ್ಮನಿಗೆ ಇದನ್ನು ಹೇಳುವ ಅಗತ್ಯ ಬರಲಿಲ್ಲ, ಮಂಡಿಯ ಪಾಠ ಅವಳಿಗೆ ನೆನಪಿತ್ತು.

ಮಳೆಗಾಲದಲ್ಲಿ ಗುಂಪು ಪಾರ್ಕಿನ ಬದಲು ಹತ್ತಿರದ ಕಲ್ಯಾಣ ಮಂಟಪದ ಜಗಲಿಯಲ್ಲಿ ನಡೆಯಿತು. ಡಿಸೆಂಬರ್ ಬಂದಾಗ ಬೆಳಕು ಹರಿಯುವುದು ತಡವಾಗತೊಡಗಿತು. ಒಂದು ಸಂಜೆ ಅಮ್ಮನಿಂದಲೇ ಸಂದೇಶ ಬಂತು: ‘ನಾಳೆಯಿಂದ ಆರೂಮುಕ್ಕಾಲಿಗೆ ಹೊರಡುವುದು ಎಂದು ತೀರ್ಮಾನ ಮಾಡಿದ್ದೇವೆ. ಮಾತ್ರೆ ಆರೂ ಕಾಲಿಗೆ, ಕಾಫಿ ಏಳೂವರೆಗೆ. ಅದಕ್ಕೆ ಮೊದಲು ಫೋನ್ ಮಾಡಬೇಡ, ನಾನು ಮನೆಯಲ್ಲಿ ಇರುವುದಿಲ್ಲ.’